ನೌಕರರ ಮನೆಗೆ ಕಂಪನಿಯಿಂದ ಸಂತಾಪ ಪತ್ರ: ಬರೆಯುವುದು ಹೇಗೆ, ತಲುಪಿಸುವುದು ಹೇಗೆ

ಮೈಸೂರು, ಮಂಡ್ಯ ಕಡೆಯ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವವರು ನನಗೆ ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಹಳೇ ನೌಕರರೊಬ್ಬರು ತೀರಿಕೊಂಡಿದ್ದಾರೆ. ಮನೆಯವರಿಗೆ ಕಂಪನಿಯಿಂದ ಒಂದು ಕಾಗದ ಹೋಗಬೇಕಂತೆ. ಒಂದು ಮಾದರಿ ಇದ್ರೆ ಕಳಿಸಿ." ಮಾದರಿ ಕಳಿಸುವುದು ಸುಲಭ. ಆದರೆ ಹಾಗೆ ಕಳಿಸಿದ ಮಾದರಿ ಹೆಸರು ಮಾತ್ರ ಬದಲಾಗಿ ಹತ್ತು ಮನೆಗೆ ಹೋಗುತ್ತದೆ. ಆ ಹತ್ತು ಮನೆಗಳಲ್ಲಿ ಎರಡು ಒಂದೇ ಹಳ್ಳಿಯಲ್ಲಿ ಇರುತ್ತವೆ. ಒಂದೇ ಊರಿನಿಂದ ನಾಲ್ಕೈದು ಜನ ಒಂದೇ ಕಾರ್ಖಾನೆಗೆ ಬರುವುದು ನಮ್ಮ ಕಡೆ ಮಾಮೂಲು ಅಲ್ವಾ? ಆ ಎರಡು ಕಾಗದಗಳನ್ನು ಯಾರೋ ಒಬ್ಬರು ಪಕ್ಕಪಕ್ಕ ಇಟ್ಟು ನೋಡೇ ನೋಡುತ್ತಾರೆ.

ಅದಕ್ಕೆ ಇಲ್ಲಿ ಮಾದರಿಯ ಜೊತೆಗೆ ಅದನ್ನು ಕಟ್ಟುವ ದಾರಿಯನ್ನೂ ಹೇಳುತ್ತೇನೆ. ಇಪ್ಪತ್ತು, ಮೂವತ್ತು ವರ್ಷ ದುಡಿದವರ ಮನೆಗೆ ಹೋಗುವ ಪತ್ರವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಉದಾಹರಣೆಗೆ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಹೆಸರು ಸಿದ್ದರಾಜು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್, ಅಂದರೆ ಉಗಿ ಮಾಡುವ ಯಂತ್ರವನ್ನು ನೋಡಿಕೊಳ್ಳುವವರು. ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಿಂದ ದಿನಾ ಮೊಪೆಡ್‌ನಲ್ಲಿ ಬರುತ್ತಿದ್ದರು. ಒಂದು ಭಾನುವಾರ ಮನೆಯಲ್ಲೇ ತೀರಿಕೊಂಡರು. ಹೆಂಡತಿ ಪುಟ್ಟತಾಯಮ್ಮ, ಮಗಳು ಶೋಭಾ, ಮಗ ಮಹೇಶ್. ವಯಸ್ಸಾದ ತಾಯಿಯೂ ಇದ್ದಾರೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಿ. ಶ್ರದ್ಧಾಂಜಲಿ ತೀರಿಕೊಂಡವರಿಗೆ ಸಲ್ಲುವುದು. ಸಂತಾಪ ಉಳಿದವರಿಗೆ ಹೇಳುವುದು. ನೋಟಿಸ್ ಬೋರ್ಡಿನಲ್ಲಿ ಹಾಕುವುದು ಶ್ರದ್ಧಾಂಜಲಿ, ಮನೆಗೆ ಕಳಿಸುವುದು ಸಂತಾಪ ಪತ್ರ. ಎಷ್ಟೋ ಕಂಪನಿಗಳು ಬೋರ್ಡಿನ ಒಕ್ಕಣೆಯನ್ನೇ ಲಕೋಟೆಗೆ ಹಾಕಿ ಕಳಿಸುತ್ತವೆ. ಆಗ ಹೆಂಡತಿ ಮಕ್ಕಳಿಗೆ ಹೇಳಿದ ಒಂದು ಮಾತೂ ಅದರಲ್ಲಿ ಇರುವುದಿಲ್ಲ.

1. ಹೆಸರು ಮತ್ತು ವರ್ಷ ಸರಿ ಮಾಡಿಕೊಳ್ಳಿ

ನಿಮ್ಮ ಕಡತದಲ್ಲಿ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ನೋಡಿ ಕನ್ನಡಕ್ಕೆ ಇಳಿಸುವಾಗಲೇ ಎಡವಟ್ಟು ಆಗುವುದು. ಸಿದ್ದರಾಜು ಸಿದ್ಧರಾಜು ಆಗುತ್ತಾರೆ, ಪುಟ್ಟತಾಯಮ್ಮ ಪುಟ್ಟತಾಯಿ ಆಗುತ್ತಾರೆ, ಶೋಭಾ ಶೋಬ ಆಗುತ್ತಾರೆ. ಮನೆಯವರು ಪತ್ರದಲ್ಲಿ ಮೊದಲು ಹುಡುಕುವುದು ಹೆಸರನ್ನೇ. ಅದು ತಪ್ಪಿದರೆ ಕೆಳಗಿನ ಮಾತು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಕಡತದಲ್ಲಿರುವ ಆಧಾರ್ ಪ್ರತಿಯಲ್ಲಿ ಕನ್ನಡದ ಹೆಸರು ಇರುತ್ತದೆ, ನಿಜ. ಆದರೆ ಅಲ್ಲೂ ತಪ್ಪು ಅಕ್ಷರ ಕೂತಿರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ನನ್ನ ಅನುಭವದಲ್ಲಿ ಅದಕ್ಕಿಂತ ನಂಬುವಂಥದ್ದು ಲಗ್ನಪತ್ರಿಕೆ. ಮಗಳ ಮದುವೆಗೋ ಗೃಹಪ್ರವೇಶಕ್ಕೋ ಕೊಟ್ಟ ಕಾರ್ಡು ಜೊತೆಗಾರರ ಯಾರದಾದರೂ ಲಾಕರಿನಲ್ಲಿ ಸಿಗುತ್ತದೆ. ಅದರಲ್ಲಿ ಇಡೀ ಮನೆಯವರ ಹೆಸರು, ಮನೆಯವರೇ ಬರೆಯುವ ಹಾಗೆ ಅಚ್ಚಾಗಿರುತ್ತದೆ. ಅದೂ ಸಿಗದಿದ್ದರೆ ಅದೇ ಊರಿನ ಜೊತೆಗಾರನನ್ನು ಕೇಳಿ. ಊರ ಬಾಗಿಲಲ್ಲಿ ಹಾಕಿದ ಫ್ಲೆಕ್ಸಿನ ಒಂದು ಫೋಟೊ ತೆಗೆದು ಕಳಿಸಲು ಹೇಳಿದರೂ ಆಯಿತು.

ಇನ್ನು ವರ್ಷದ ವಿಚಾರ. ಇದು ಹೊರಗಿನಿಂದ ನೋಡಿದಷ್ಟು ಸರಳವಲ್ಲ. ಸಿದ್ದರಾಜು 1994ರಲ್ಲಿ ಗುತ್ತಿಗೆದಾರರ ಕಡೆಯಿಂದ ಬಂದು, 1998ರಲ್ಲಿ ಕಾಯಂ ಆದರು ಎಂದುಕೊಳ್ಳಿ. ನಿಮ್ಮ ಕಡತ 1998ರಿಂದ ಎಣಿಸುತ್ತದೆ. ಮನೆಯವರು 1994ರಿಂದ ಎಣಿಸುತ್ತಾರೆ. ಪತ್ರದಲ್ಲಿ "1998ರಲ್ಲಿ ಸೇವೆಗೆ ಸೇರಿದರು" ಎಂದು ಬರೆದರೆ ಅವರ ನಾಲ್ಕು ವರ್ಷದ ದುಡಿಮೆಯನ್ನು ಅಳಿಸಿದಂತೆ. "1994ರಲ್ಲಿ ಸೇವೆಗೆ ಸೇರಿದರು" ಎಂದರೆ ನಾಳೆ ಗ್ರಾಚ್ಯುಟಿ ಲೆಕ್ಕಕ್ಕೆ ಇದೇ ಕಾಗದ ಮುಂದೆ ಬರುತ್ತದೆ. ಗ್ರಾಚ್ಯುಟಿ ಅಂದರೆ ಸೇವೆಯ ವರ್ಷಗಳನ್ನು ಎಣಿಸಿ ಕಂಪನಿ ಕೊಡಬೇಕಾದ ಹಣ. ಅಲ್ಲಿ ಒಂದೊಂದು ವರ್ಷಕ್ಕೂ ಬೆಲೆ ಇದೆ. ಆ ಲೆಕ್ಕ ಎಲ್ಲಿ ತೀರ್ಮಾನ ಆಗಬೇಕೋ ಅಲ್ಲೇ ಆಗಲಿ, ಸಂತಾಪ ಪತ್ರದಲ್ಲಿ ಬೇಡ. "ಸುಮಾರು ಮೂರು ದಶಕ ನಮ್ಮ ಜೊತೆ ಇದ್ದರು" ಎಂದು ಬರೆಯಿರಿ. ಅದು ಸುಳ್ಳಲ್ಲ, ಮನೆಯವರ ಲೆಕ್ಕಕ್ಕೂ ಅಡ್ಡಿ ಬರುವುದಿಲ್ಲ.

2. ಜೊತೆಗಾರರನ್ನು ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಪತ್ರಕ್ಕೆ ಜೀವ ಬರುವುದು ಇಲ್ಲಿಂದ. ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಆದರೂ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಅವರ ವಿಭಾಗಕ್ಕೆ ನೀವೇ ನಡೆದು ಹೋಗಿ. ಫೋನ್ ಬೇಡ. "ಅವರು ಹೇಗಿದ್ರು?" ಎಂದು ಕೇಳಬೇಡಿ. ಕೇಳಿದರೆ ಬರುವ ಉತ್ತರ ಒಂದೇ: "ತುಂಬಾ ಒಳ್ಳೆಯವರು ಸಾರ್." ಅದು ನಿಜವೇ ಇರಬಹುದು, ಆದರೆ ಬರೆಯಲು ಏನೂ ಸಿಗುವುದಿಲ್ಲ. ಬದಲಿಗೆ ಹೀಗೆ ಕೇಳಿ. ಅವರು ರಜ ಹಾಕಿದ ದಿನ ನಿಮಗೆ ಏನು ತೊಂದರೆ ಆಗ್ತಿತ್ತು? ಅವರಿಂದ ನೀವು ಕಲಿತದ್ದು ಯಾವುದು? ಬೇರೆ ಯಾರೂ ಮಾಡದ, ಅವರು ಮಾತ್ರ ಮಾಡುತ್ತಿದ್ದ ಕೆಲಸ ಏನಾದರೂ ಇತ್ತಾ?

ಸಿದ್ದರಾಜು ವಿಚಾರದಲ್ಲಿ ಬಾಯ್ಲರ್ ಮನೆಯವರು ಎರಡು ಸಂಗತಿ ಹೇಳಿದರು ಎಂದಿಟ್ಟುಕೊಳ್ಳೋಣ. ಒಂದು, ಪಾಳಿ ವಹಿಸಿಕೊಳ್ಳುವ ಮುಂಚೆ ಅವರು ಗೇಜ್ ಗ್ಲಾಸನ್ನು ತಾವೇ ಪರೀಕ್ಷೆ ಮಾಡುತ್ತಿದ್ದರು. ಗೇಜ್ ಗ್ಲಾಸ್ ಅಂದರೆ ಬಾಯ್ಲರಿನ ಒಳಗಡೆ ನೀರು ಎಷ್ಟಿದೆ ಎಂದು ಹೊರಗಿನಿಂದ ತೋರಿಸುವ ಗಾಜಿನ ಕೊಳವೆ. ಅದು ಕಟ್ಟಿಕೊಂಡರೆ ನೀರು ಕಡಿಮೆ ಆಗಿದ್ದರೂ ಸರಿ ಇದ್ದಂತೆ ಕಾಣುತ್ತದೆ. ನೀರು ತೀರಾ ಕಡಿಮೆಯಾದ ಬಾಯ್ಲರ್ ಅಪಾಯದ ವಸ್ತು. ಹಿಂದಿನ ಪಾಳಿಯವರು "ಎಲ್ಲ ಸರಿ ಇದೆ ಅಣ್ಣ, ಸೈನ್ ಹಾಕಿ" ಎಂದರೂ ಅವರು ಕಾಕ್ ತಿರುಗಿಸಿ, ನೀರು ಹೋಗಿ ಮತ್ತೆ ಏರುವುದನ್ನು ಕಣ್ಣಾರೆ ನೋಡಿಯೇ ಲಾಗ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಇನ್ನೊಂದು, ಮೂವರು ಹುಡುಗರಿಗೆ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಗೆ ಹೇಳಿಕೊಟ್ಟರು. ಅದು ಸರ್ಕಾರ ನಡೆಸುವ ಅರ್ಹತಾ ಪರೀಕ್ಷೆ. ಪರೀಕ್ಷೆ ಹತ್ತಿರ ಬಂದಾಗ ತಮ್ಮ ಪಾಳಿ ಮುಗಿದರೂ ಮನೆಗೆ ಹೋಗದೆ ಉಳಿಯುತ್ತಿದ್ದರು.

ಇಷ್ಟು ಸಾಕು, ಪತ್ರ ಅರ್ಧ ಬರೆದಂತೆಯೇ. ಯಾವ ಸಂಗತಿ ಆರಿಸಬೇಕು ಎಂಬುದಕ್ಕೆ ನನ್ನ ಅಳತೆಗೋಲು ಒಂದೇ. ಮನೆಯವರಿಗೆ ಗೊತ್ತಿರದ, ಗೊತ್ತಾದರೆ ಹಿತ ಎನಿಸುವ ಸಂಗತಿ ಇರಬೇಕು. ಅವರು ಮನೆಯಲ್ಲಿ ಹೇಗಿದ್ದರು ಎಂಬುದು ಪುಟ್ಟತಾಯಮ್ಮನಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೇಟಿನ ಒಳಗೆ ಹೇಗಿದ್ದರು ಎಂಬುದು ಗೊತ್ತಿಲ್ಲ. ಅದನ್ನು ಹೇಳಬಲ್ಲವರು ನಾವು ಮಾತ್ರ.

ಜೊತೆಗಾರರು ಹೇಳಿದ್ದೆಲ್ಲ ಬರೆಯುವಂಥದ್ದಲ್ಲ. ಕ್ಯಾಂಟೀನ್ ತಮಾಷೆ, ಯೂನಿಯನ್ ಜಗಳ, ಎಂದೋ ಕೊಟ್ಟ ಮೆಮೊ ಯಾವುದೂ ಬೇಡ. "ಕಷ್ಟದಲ್ಲೂ ದುಡಿದರು" ಎಂಬ ಮಾತೂ ಬೇಡ. ಓದಿದವರು "ಹಾಗಾದರೆ ಕಷ್ಟ ಕೊಟ್ಟವರು ಯಾರು?" ಎಂದು ಕೇಳುತ್ತಾರೆ.

3. ಯಾರಿಗೆ, ಯಾರ ಸಹಿ

ಹೆಂಡತಿ ಇದ್ದರೆ ಅವರ ಹೆಸರಿಗೇ ಬರೆಯಿರಿ, ಕೆಳಗೆ ಕುಟುಂಬದವರನ್ನೂ ಸೇರಿಸಿ. ಎಷ್ಟೋ ಕಡೆ ಓದು ಬರುವ ಮಗನ ಹೆಸರಿಗೆ ಕಳಿಸುತ್ತಾರೆ. ಅದು ಸರಿಯಲ್ಲ. ತಂದೆ ತಾಯಿ ಬದುಕಿದ್ದರೆ ಅವರನ್ನು ಪತ್ರದ ಒಳಗೆ ಒಂದು ಮಾತಿನಲ್ಲಾದರೂ ನೆನೆಯಿರಿ. ಮಗನನ್ನು ಕಳೆದುಕೊಂಡ ತಾಯಿಯನ್ನು ಕಂಪನಿಯ ಪತ್ರಗಳು ಮರೆಯುವುದೇ ಜಾಸ್ತಿ.

ನಾಮಿನಿಯ ಹೆಸರು ನೋಡಿ ವಿಳಾಸ ಬರೆಯಬೇಡಿ. ನಾಮಿನಿ ಅಂದರೆ ಹಣ ಪಡೆಯಲು ನೌಕರರು ಫಾರಂನಲ್ಲಿ ಸೂಚಿಸಿದವರು. ಮದುವೆಗೆ ಮುಂಚೆ ತುಂಬಿದ ಫಾರಂನಲ್ಲಿ ಅಣ್ಣನ ಹೆಸರೋ ತಾಯಿಯ ಹೆಸರೋ ಹಾಗೇ ಉಳಿದಿರಬಹುದು. ಹಣದ ವಿಚಾರದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯ ಇದೆ ಎಂದು ತಿಳಿದರೆ "ಕುಟುಂಬದ ಎಲ್ಲರಿಗೆ" ಎಂದಷ್ಟೇ ಬರೆಯುವುದು ಕ್ಷೇಮ.

ಲಕೋಟೆಯ ಮೇಲೆ "ದಿ. ಸಿದ್ದರಾಜು ಅವರ ಪತ್ನಿ" ಎಂದು ಬರೆಯಬೇಡಿ. ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಗಂಡನ ಹೆಸರಿನ ಹಿಂದೆ "ದಿ." ಎಂಬ ಅಕ್ಷರವನ್ನು ಆಕೆ ಮೊದಲ ಸಲ ನೋಡುವುದು ನಿಮ್ಮ ಲಕೋಟೆಯ ಮೇಲೆ ಆಗಬಾರದು. "ಶ್ರೀಮತಿ ಪುಟ್ಟತಾಯಮ್ಮ" ಎಂದರೆ ಸಾಕು.

ಸಹಿ ಕಾರ್ಖಾನೆಯ ಮುಖ್ಯಸ್ಥರದ್ದು ಇರಲಿ, ಪೆನ್ನಿನಿಂದ ಹಾಕಿದ್ದಾಗಿರಲಿ. "ಪರವಾಗಿ" ಎಂದು ಬರೆದು ಗುಮಾಸ್ತರು ಸಹಿ ಹಾಕುವುದು, ಸಹಿಯ ಮೊಹರು ಒತ್ತುವುದು ಎರಡೂ ಬೇಡ. ಕೆಲವು ಕಡೆ ಉಲ್ಲೇಖ ಸಂಖ್ಯೆ, "ವಿಷಯ:" ಎಂಬ ಸಾಲು ಹಾಕುತ್ತಾರೆ. "ವಿಷಯ: ಸಿದ್ದರಾಜು ಅವರ ನಿಧನದ ಕುರಿತು" ಎಂದು ನೋಡಿದರೆ ಇದು ಪತ್ರವೋ ನೋಟಿಸೋ ಎನಿಸುತ್ತದೆ. ಎರಡನ್ನೂ ತೆಗೆಯಿರಿ. ದಿನಾಂಕ ಸಾಕು. ಮೇಲೆ "ಶ್ರೀ" ಅಥವಾ "ಓಂ" ಹಾಕುವ ಅಭ್ಯಾಸ ನಿಮ್ಮ ಕಂಪನಿಯ ಲೆಟರ್‌ಹೆಡ್‌ನಲ್ಲಿ ಇದ್ದರೆ ಈ ಒಂದು ಪತ್ರಕ್ಕೆ ಬೇರೆ ಹಾಳೆ ಬಳಸಿ. ಸಾವಿನ ಕಾಗದದ ಮೇಲೆ ಅದನ್ನು ಹಾಕುವ ಪದ್ಧತಿ ನಮ್ಮಲ್ಲಿಲ್ಲ.

4. ಮಾತುಗಳನ್ನು ಆರಿಸಿ

ಈಗ ಇಂಗ್ಲಿಷಿನಲ್ಲಿ ಬಂದ ಮಾದರಿಯನ್ನು ಕನ್ನಡಕ್ಕೆ ತಿರುಗಿಸುವ ಚಾಳಿ ಹೆಚ್ಚಾಗಿದೆ. "ನಿಮ್ಮ ನಷ್ಟಕ್ಕೆ ನಾವು ವಿಷಾದಿಸುತ್ತೇವೆ", "ನಮ್ಮ ಆಲೋಚನೆಗಳು ಮತ್ತು ಪ್ರಾರ್ಥನೆಗಳು ನಿಮ್ಮೊಂದಿಗಿವೆ" ಎಂದು ನಮ್ಮಲ್ಲಿ ಯಾರಾದರೂ ಸಾವಿನ ಮನೆಯಲ್ಲಿ ಮಾತಾಡುತ್ತಾರಾ? ವಿಷಾದಿಸುವುದು ಬಸ್ಸು ತಡವಾಗಿದ್ದಕ್ಕೆ. ಇನ್ನು "ತುಂಬಲಾರದ ನಷ್ಟ" ಎಂಬುದು ರಾಜಕಾರಣಿಗಳ ಹೇಳಿಕೆಯಲ್ಲಿ ಸವೆದು ಹೋದ ಮಾತು. "ಹೃತ್ಪೂರ್ವಕ ಸಂತಾಪ" ಎಂದೂ ಬರೆಯುತ್ತಾರೆ. ಹೃತ್ಪೂರ್ವಕ ಎಂದ ತಕ್ಷಣ ನಮ್ಮ ಕಿವಿ ಅಭಿನಂದನೆ ಎಂಬ ಪದಕ್ಕೆ ಕಾಯುತ್ತದೆ. ಸಂತಾಪಕ್ಕೆ ವಿಶೇಷಣವೇ ಬೇಕಿಲ್ಲ.

ಸಾವಿಗೆ ಯಾವ ಪದ? "ತೀರಿಕೊಂಡರು" ಅಥವಾ "ನಿಧನರಾದರು", ಎರಡೂ ಎಲ್ಲರ ಮನೆಗೂ ಹೊಂದುತ್ತವೆ. ಶಿವೈಕ್ಯ, ವೈಕುಂಠವಾಸಿ, ಸ್ವರ್ಗಸ್ಥ ಮೊದಲಾದವು ಒಂದೊಂದು ನಂಬಿಕೆಗೆ ಸೇರಿದವು. ಮನೆಯವರು ಬಳಸಿದ್ದನ್ನು ನೀವೇ ನೋಡಿದ್ದರೆ ಬಳಸಿ, ಊಹೆ ಮಾಡಿ ಬರೆಯಬೇಡಿ. ಇದೇ ಕಾರಣಕ್ಕೆ ಮುಗಿಸುವಾಗ "ಆತ್ಮಕ್ಕೆ ಚಿರಶಾಂತಿ ಸಿಗಲಿ, ಸದ್ಗತಿ ದೊರೆಯಲಿ" ಎಂಬ ಸಾಲನ್ನು ಎಲ್ಲ ಮನೆಗೂ ಒಂದೇ ರೀತಿ ಹಚ್ಚಬೇಡಿ. "ಮೃತರು", "ಸದರಿ ನೌಕರರು" ಎಂಬ ಪದಗಳು ಪೊಲೀಸ್ ಠಾಣೆಯಲ್ಲಿ ಇರಲಿ. ಪತ್ರದ ಉದ್ದಕ್ಕೂ "ಸಿದ್ದರಾಜು ಅವರು" ಎಂದೇ ಹೇಳಿ. ಹಳ್ಳಿಯಲ್ಲಿ ಅವರ ಹೆಸರು ಸಿದ್ದಣ್ಣ ಆಗಿರಬಹುದು, ಜೊತೆಗಾರರೂ ಹಾಗೇ ಕರೆಯುತ್ತಿದ್ದಿರಬಹುದು. ಆದರೆ ಸಹಿ ಹಾಕುವ ಮುಖ್ಯಸ್ಥರು ಹಾಗೆ ಕರೆದವರಲ್ಲದಿದ್ದರೆ ಅದು ಅವರ ಪತ್ರದಲ್ಲಿ ಹೊಂದುವುದಿಲ್ಲ.

ಸಾವಿನ ಕಾರಣ ಬರೆಯಬೇಡಿ. ಹೃದಯಾಘಾತ, ಕಾಯಿಲೆ, ಅಪಘಾತ ಯಾವುದೇ ಇರಲಿ, ಮನೆಯವರಿಗೆ ಅದು ಗೊತ್ತಿದೆ. ಕೆಲಸದ ಜಾಗದಲ್ಲೇ ಅವಘಡ ಆಗಿದ್ದರೆ ಈ ಎಚ್ಚರ ಇನ್ನೂ ಮುಖ್ಯ. ಯಾರ ತಪ್ಪು ಎಂಬುದು ವಿಚಾರಣೆಯಲ್ಲಿ ತೀರ್ಮಾನ ಆಗಬೇಕಾದ ವಿಷಯ. "ಅವರ ಅಜಾಗರೂಕತೆ" ಎಂಬ ಸುಳಿವು ಕೊಡುವ ಪದ ಪತ್ರದಲ್ಲಿ ನುಸುಳಿದರೆ ಅದಕ್ಕಿಂತ ಕ್ರೂರ ಇನ್ನೊಂದಿಲ್ಲ. ಅಂಥ ಪತ್ರವನ್ನು ವಕೀಲರಿಗೆ ತೋರಿಸಿ, ಅದು ಸರಿ. ಆದರೆ ವಕೀಲರಿಂದ ಬರೆಸಬೇಡಿ.

ಮತ್ತೊಂದು ಮುಖ್ಯ ವಿಷಯ. ಪುಟ್ಟತಾಯಮ್ಮ ಓದಲು ಬಾರದವರಿರಬಹುದು. ಆಗ ಮಗಳೋ ಮೊಮ್ಮಗಳೋ ಜಗುಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಸುತ್ತ ನಾಲ್ಕು ಜನ ನೆಂಟರು ಕೇಳಿಸಿಕೊಳ್ಳುತ್ತಾರೆ. ನಿಮ್ಮ ಪತ್ರ ಕಣ್ಣಿಗಿಂತ ಕಿವಿಗೆ ಹೆಚ್ಚು ಬೀಳುತ್ತದೆ. ಹಾಗಾಗಿ ಬರೆದ ಮೇಲೆ ಬಾಗಿಲು ಹಾಕಿಕೊಂಡು ಒಮ್ಮೆ ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ.

5. ಬರೆಯಿರಿ

ಒಂದು ಪುಟ ದಾಟಬಾರದು. ಸುದ್ದಿ ತಿಳಿದದ್ದು ಮತ್ತು ಸಂತಾಪ ಮೊದಲು. ಆಮೇಲೆ ಜೊತೆಗಾರರಿಂದ ಸಿಕ್ಕ ಸಂಗತಿ. ಅದಕ್ಕೇ ಹೆಚ್ಚು ಜಾಗ ಕೊಡಿ. ಆಮೇಲೆ ಕಾರ್ಖಾನೆಯಲ್ಲಿ ಏನು ಮಾಡಿದಿರಿ ಎಂಬುದು. ಕೊನೆಗೆ ಮನೆಯವರು ಈಗ ಏನೂ ಮಾಡಬೇಕಿಲ್ಲ ಎಂಬ ಮಾತು.

ಸಾಮಾನ್ಯವಾಗಿ ಹೋಗುವ ಪತ್ರ ಹೀಗಿರುತ್ತದೆ:

> ನಮ್ಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಶ್ರೀ ಸಿದ್ದರಾಜು ಇವರು ಹೃದಯಾಘಾತದಿಂದ ಅಕಾಲಿಕ ಮರಣ ಹೊಂದಿರುವುದು ಅತೀವ ದುಃಖದ ಸಂಗತಿ. ಇವರು ಪ್ರಾಮಾಣಿಕತೆ, ಶ್ರದ್ಧೆ ಹಾಗೂ ನಿಷ್ಠೆಯಿಂದ ಕಾರ್ಯನಿರ್ವಹಿಸಿ ಸಂಸ್ಥೆಗೆ ಆಸ್ತಿಯಾಗಿದ್ದರು. ಇವರ ಅಗಲಿಕೆ ಸಂಸ್ಥೆಗೆ ತುಂಬಲಾರದ ನಷ್ಟ. ಕುಟುಂಬಕ್ಕೆ ಸಂಸ್ಥೆಯು ಎಲ್ಲ ರೀತಿಯ ನೆರವು ನೀಡಲಿದೆ. ಗುರುತಿನ ಚೀಟಿ ಹಾಗೂ ಸಮವಸ್ತ್ರವನ್ನು ಹಿಂದಿರುಗಿಸಲು ಕೋರಿದೆ.

ಹೆಸರು ತೆಗೆದರೆ ಇದು ಯಾರಿಗೆ ಬೇಕಾದರೂ ಹೋಗುತ್ತದೆ. "ಆಸ್ತಿ", "ನಷ್ಟ" ಎರಡೂ ಲೆಕ್ಕದ ಪುಸ್ತಕದ ಪದಗಳು. ಕೊನೆಯ ಸಾಲಿನ ಬಗ್ಗೆ ಮಾತಾಡುವುದೇ ಬೇಡ. ಅಪಾಯ ಇರುವುದು ಅದರ ಹಿಂದಿನ ಸಾಲಿನಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ "ಎಲ್ಲ ರೀತಿಯ ನೆರವು" ಸಾಲನ್ನು ಬರೆದಿದ್ದೆ. ಎರಡು ತಿಂಗಳ ಮೇಲೆ ತೀರಿಕೊಂಡವರ ಮಗ ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಗೇಟಿಗೆ ಬಂದ. ಅಪ್ಪನ ಕೆಲಸ ತನಗೆ ಸಿಗುತ್ತದೆ ಎಂದು ಅವನು ಅದನ್ನು ಓದಿಕೊಂಡಿದ್ದ. ಅವನದೇನೂ ತಪ್ಪಿಲ್ಲ. ಬರೆದವನು ನಾನು.

ಮನೆಯಲ್ಲಿ ಒಬ್ಬರಿಗೆ ಕೆಲಸ, ಮಕ್ಕಳ ಓದಿನ ಖರ್ಚು, ಇಷ್ಟು ಹಣ, ಇವೆಲ್ಲ ಕಂಪನಿ ಲಿಖಿತವಾಗಿ ತೀರ್ಮಾನ ಮಾಡಿದ ಮೇಲೆ ಬೇರೆ ಪತ್ರದಲ್ಲಿ ಹೋಗಬೇಕು. ತೀರ್ಮಾನ ಆಗದ್ದನ್ನು ಸುಮ್ನೆ ಸಮಾಧಾನಕ್ಕೆಂದು ಬರೆಯಬೇಡಿ.

ಅದೇ ಪತ್ರ ಹೀಗೆ ಇರಬಹುದು:

> ಶ್ರೀಮತಿ ಪುಟ್ಟತಾಯಮ್ಮ ಅವರಿಗೆ ಹಾಗೂ ಕುಟುಂಬದ ಎಲ್ಲರಿಗೆ,
>
> ಸಿದ್ದರಾಜು ಅವರು ತೀರಿಕೊಂಡ ಸುದ್ದಿ ಸೋಮವಾರ ಬೆಳಿಗ್ಗೆ ಮೊದಲ ಪಾಳಿ ಶುರುವಾಗುವ ಹೊತ್ತಿಗೆ ನಮಗೆ ತಿಳಿಯಿತು. ನಿಮಗೆ, ನಿಮ್ಮ ಮಕ್ಕಳಾದ ಶೋಭಾ ಮತ್ತು ಮಹೇಶ್ ಅವರಿಗೆ, ಸಿದ್ದರಾಜು ಅವರ ತಾಯಿಯವರಿಗೆ, ಇಲ್ಲಿ ಅವರೊಂದಿಗೆ ದುಡಿದ ಎಲ್ಲರ ಪರವಾಗಿ ಸಂತಾಪ ತಿಳಿಸುತ್ತೇನೆ.
>
> ಸುಮಾರು ಮೂರು ದಶಕ ಅವರು ನಮ್ಮ ಬಾಯ್ಲರ್ ಮನೆಯನ್ನು ನೋಡಿಕೊಂಡರು. ಪಾಳಿ ವಹಿಸಿಕೊಳ್ಳುವ ಮುಂಚೆ ಬಾಯ್ಲರಿನ ನೀರಿನ ಮಟ್ಟವನ್ನು ತಾವೇ ಪರೀಕ್ಷೆ ಮಾಡದೆ ಅವರು ಒಂದು ದಿನವೂ ಪುಸ್ತಕಕ್ಕೆ ಸಹಿ ಹಾಕಲಿಲ್ಲ ಎಂದು ಜೊತೆಗಾರರು ಹೇಳುತ್ತಾರೆ. ಅವರು ಪಾಳಿಯಲ್ಲಿ ಇದ್ದ ಹೊತ್ತು ನಾವೆಲ್ಲ ಭಯವಿಲ್ಲದೆ ಕೆಲಸ ಮಾಡಿದೆವು.
>
> ಇಂದು ನಮ್ಮ ಬಾಯ್ಲರ್ ನೋಡಿಕೊಳ್ಳುತ್ತಿರುವ ಮೂವರೂ ಅವರ ಬಳಿ ಕಲಿತು ಪರೀಕ್ಷೆ ಪಾಸಾದವರು. ಪರೀಕ್ಷೆ ಹತ್ತಿರ ಬಂದಾಗ ಸಿದ್ದರಾಜು ಅವರು ತಮ್ಮ ಪಾಳಿ ಮುಗಿದ ಮೇಲೂ ಉಳಿದು ಅವರಿಗೆ ಹೇಳಿಕೊಡುತ್ತಿದ್ದರು. ಆ ದಿನಗಳಲ್ಲಿ ಅವರು ಮನೆಗೆ ತಡವಾಗಿ ಬಂದದ್ದು ನಿಮಗೆ ನೆನಪಿರಬಹುದು. ಕಾರಣ ಇದು.
>
> ಸೋಮವಾರ ಮಧ್ಯಾಹ್ನ ಎರಡು ಪಾಳಿಯವರೂ ಬಾಯ್ಲರ್ ಮನೆಯ ಮುಂದೆ ಸೇರಿ, ಅವರನ್ನು ನೆನೆದು ಮೌನವಾಗಿ ನಿಂತೆವು.
>
> ಕಚೇರಿಯ ಕಾಗದಪತ್ರಗಳ ಬಗ್ಗೆ ನೀವು ಈಗ ಯೋಚಿಸಬೇಕಾಗಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ, ನಿಮಗೆ ಅನುಕೂಲವಾದ ದಿನ ನಮ್ಮ ಸಿಬ್ಬಂದಿ ವಿಭಾಗದವರು ಮನೆಗೇ ಬಂದು ವಿವರ ಹೇಳುತ್ತಾರೆ.
>
> ನಿಮ್ಮ ದುಃಖದಲ್ಲಿ ಭಾಗಿಯಾಗಿರುವ,
> (ಸಹಿ, ಹೆಸರು, ಹುದ್ದೆ)

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಗಮನಿಸಿದಿರಾ? ಪ್ರಾಮಾಣಿಕ, ನಿಷ್ಠಾವಂತ ಎಂದು ಹೇಳುವ ಅಗತ್ಯ ಬರಲಿಲ್ಲ. "ಮನೆಗೆ ತಡವಾಗಿ" ಎಂಬ ಸಾಲನ್ನು ಮಾತ್ರ ಎಚ್ಚರದಿಂದ ಬಳಸಿ. ಜೊತೆಗಾರರಿಂದ ಖಚಿತವಾಗಿ ತಿಳಿದಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಮುಗಿಸುವಾಗ "ಧನ್ಯವಾದಗಳೊಂದಿಗೆ" ಎಂದು ಕೈ ತಾನಾಗಿ ಟೈಪ್ ಮಾಡಿಬಿಡುತ್ತದೆ, ನೋಡಿಕೊಳ್ಳಿ.

6. ತಲುಪಿಸುವುದು

ಅಂಚೆಯಲ್ಲೂ ವಾಟ್ಸಾಪಿನಲ್ಲೂ ಬೇಡ. ಕೈಯಲ್ಲಿ ಒಯ್ದು ಕೊಡಿ. ಬಿಳಿ ಲಕೋಟೆ, ಕೈಬರಹದ ಹೆಸರು.

ಯಾವ ದಿನ? ಮಂಡ್ಯ, ಮೈಸೂರು ಕಡೆಯ ಬಹಳ ಮನೆಗಳಲ್ಲಿ ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರೆ, ಹನ್ನೊಂದನೆಯ ದಿನ ತಿಥಿ ಮಾಡುತ್ತಾರೆ. ಮೊದಲ ಮೂರು ದಿನ ಮನೆಯವರಿಗೆ ಕಾಗದ ಓದುವ ಸ್ಥಿತಿ ಇರುವುದಿಲ್ಲ. ತಿಥಿಯ ದಿನ ಅಡುಗೆ, ನೆಂಟರ ಗಲಾಟೆಯಲ್ಲಿ ಲಕೋಟೆ ಎಲ್ಲೋ ಸೇರಿಹೋಗುತ್ತದೆ. ಎರಡರ ನಡುವಿನ ಒಂದು ದಿನ, ನಾಲ್ಕರಿಂದ ಎಂಟನೆಯ ದಿನದ ಒಳಗೆ, ಹೋಗುವುದು ಒಳ್ಳೆಯದು. ಎಲ್ಲ ಸಮುದಾಯದಲ್ಲೂ ಇದೇ ಲೆಕ್ಕ ಇರುವುದಿಲ್ಲ. ಮುಸ್ಲಿಮರ, ಕ್ರೈಸ್ತರ ಮನೆಗಳಲ್ಲಿ ದಿನಗಳ ಎಣಿಕೆಯೇ ಬೇರೆ. ಆ ಊರಿನ ಜೊತೆಗಾರನನ್ನು ಕೇಳಿಯೇ ದಿನ ಗೊತ್ತು ಮಾಡಿ.

ಇಬ್ಬರು ಹೋದರೆ ಸಾಕು. ಒಬ್ಬರು ಕಂಪನಿಯ ಕಡೆಯ ಹಿರಿಯರು, ಇನ್ನೊಬ್ಬರು ಅವರ ಜೊತೆ ದುಡಿದವರು. ಫೋಟೊ ತೆಗೆಯಬೇಡಿ. ಪತ್ರ ಕೊಡುವ ಚಿತ್ರವನ್ನು ಗ್ರೂಪಿಗೆ ಹಾಕುವುದಂತೂ ಖಂಡಿತ ಬೇಡ. ಜೊತೆಗಾರರು ಸೇರಿಸಿದ ಹಣ ಇದ್ದರೆ ಬೇರೆ ಕವರಿನಲ್ಲಿ, ಅವರ ಹೆಸರಿನಲ್ಲೇ ಕೊಡಿ. ಅದನ್ನು ಕಂಪನಿಯ ಪತ್ರದ ಒಳಗೆ ಇಟ್ಟರೆ ಕಂಪನಿ ಕೊಟ್ಟಂತೆ ಆಗುತ್ತದೆ. ಎದ್ದು ಬರುವಾಗ "ಹೋಗಿ ಬರ್ತೀವಿ" ಎನ್ನಬೇಡಿ. ಸಾವಿನ ಮನೆಯಲ್ಲಿ ಆ ಮಾತು ಆಡುವುದಿಲ್ಲ. ಕೈ ಮುಗಿದು ಸುಮ್ಮನೆ ಹೊರಡುವುದೇ ಪದ್ಧತಿ. ಪೇಟೆಯಲ್ಲಿ ಬೆಳೆದ ಹೊಸ ಮ್ಯಾನೇಜರುಗಳಿಗೆ ಇದನ್ನು ಕಾರಿನಲ್ಲೇ ಹೇಳಿಬಿಡಿ.

ಒಂದು ವೇಳೆ ಅವರು ಪತ್ರವನ್ನು ನಿಮ್ಮ ಮುಂದೆ ತೆರೆಯದೆ ಹೊರಗೆ ಕಿಟಕಿಯ ಮೇಲೆ ಇಟ್ಟರೆ ಬೇಸರ ಬೇಡ. ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳದ ಹಳೆಯ ನಂಬಿಕೆ ಇನ್ನೂ ಕೆಲವರಲ್ಲಿ ಇದೆ.

7. ಎರಡನೆಯ ಪತ್ರ

ತಿಥಿ ಮುಗಿದ ಮೇಲೆ, ಮೊದಲು ಫೋನ್ ಮಾಡಿ ಕೇಳಿ, ಆಮೇಲೆ ಕಚೇರಿಯ ಪತ್ರ ಒಯ್ಯಿರಿ. ಇದಕ್ಕೆ ಉಲ್ಲೇಖ ಸಂಖ್ಯೆ, ವಿಷಯ ಎಲ್ಲ ಇರಲಿ. ಗುರುತಿನ ಚೀಟಿಯ ಮಾತು ಬರಬೇಕಾದದ್ದೂ ಇಲ್ಲೇ.

ಇದರಲ್ಲಿ ಏನೇನು ಹೇಳಬೇಕು ಎಂದು ಚಿಕ್ಕದಾಗಿ ಹೇಳುತ್ತೇನೆ. ಭವಿಷ್ಯನಿಧಿ ಕಚೇರಿಯಿಂದ ಮೂರು ಬೇರೆ ಬೇರೆ ಸೌಲಭ್ಯ ಬರುತ್ತವೆ. ಕೂಡಿಟ್ಟ ಪಿಎಫ್ ಹಣಕ್ಕೆ ಫಾರಂ 20, ತಿಂಗಳ ಪಿಂಚಣಿಗೆ ಫಾರಂ 10ಡಿ, ವಿಮೆಯ ಹಣಕ್ಕೆ ಫಾರಂ 5ಐಎಫ್. ಮೂರಕ್ಕೂ ಸೇರಿಸಿದ ಒಂದೇ ಸಂಯುಕ್ತ ಅರ್ಜಿಯೂ ಇದೆ. ಮನೆಯವರಿಗೆ ಗೊತ್ತೇ ಇರದಿರುವುದು ಮೂರನೆಯದು. ಇಡಿಎಲ್‌ಐ ಎಂಬ ಈ ವಿಮೆಗೆ ನೌಕರರ ಸಂಬಳದಿಂದ ಏನೂ ಕಡಿತ ಆಗುವುದಿಲ್ಲ, ಹಾಗಾಗಿ ಸಂಬಳದ ಚೀಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಇದರಲ್ಲಿ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ತೀರಿಕೊಂಡವರು ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅಂತ್ಯಕ್ರಿಯೆಯ ವೆಚ್ಚ 15,000 ರೂಪಾಯಿಯವರೆಗೆ ಬರುತ್ತದೆ. ಅದಕ್ಕೆ ಮೂರು ತಿಂಗಳ ಒಳಗೆ ಅರ್ಜಿ ಹಾಕಬೇಕು. ಗ್ರಾಚ್ಯುಟಿಯನ್ನು ಕಂಪನಿಯೇ ಕೊಡಬೇಕು.

ಇಲ್ಲಿ ಜನ ಮಾಡುವ ತಪ್ಪು ಎಲ್ಲ ಫಾರಂಗಳನ್ನೂ ಒಟ್ಟಿಗೆ ಕೊಟ್ಟು "ತುಂಬಿಕೊಂಡು ಬನ್ನಿ" ಎನ್ನುವುದು. ಫಾರಂ ನೀವೇ ತುಂಬಿ, ಸಹಿಯ ಜಾಗದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಒಯ್ಯಿರಿ. ಅವರಿಂದ ಬೇಕಾದ ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಪ್ರತಿ, ಫೋಟೊ ಇವುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬೇರೆ ಹಾಳೆಯಲ್ಲಿ ಬರೆದು ಕೊಡಿ. ಹಾಳೆಯ ಕೆಳಗೆ ಒಬ್ಬರ ಹೆಸರು, ಅವರ ಮೊಬೈಲ್ ನಂಬರ್ ಇರಲಿ. ಕಚೇರಿಯ ಲ್ಯಾಂಡ್‌ಲೈನ್ ಬೇಡ. ಅದನ್ನು ಎತ್ತಿದವರು "ಯಾವ ಸಿದ್ದರಾಜು?" ಎಂದು ಕೇಳುತ್ತಾರೆ.